ಗುದಾಮಿನ ಕಾಳು, ಪುಸ್ತಕದ ಲೆಕ್ಕ: ಸಣ್ಣ ವ್ಯಾಪಾರಿ ಕಂಪನಿಯಲ್ಲಿ ಆಂತರಿಕ ನಿಯಂತ್ರಣ

ಅಣ್ಣಿಗೇರಿ, ನವಲಗುಂದದ ಎರಿ ಹೊಲಗಳ ಹಿಂಗಾರಿ ಕಡಲೆ ಒಕ್ಕಣೆ ಮುಗಿಸಿ ಪೇಟೆಗೆ ಬರುವುದು ಹೆಚ್ಚಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ. ರೈತ ತೂಗಿಸಿ, ದುಡ್ಡು ಎಣಿಸಿಕೊಂಡು ಹೋದಮೇಲೆ ಕೊಂಡವನ ತಲೆನೋವು ಸುರುವಾಗುತ್ತದೆ. ಒಳ್ಳೆಯ ಧಾರಣೆಗಾಗಿ ಕಾಯುವವನ ಮಾಲು ಬೇಸಿಗೆ ದಾಟಿ ಶ್ರಾವಣದವರೆಗೂ ಗುದಾಮಿನಲ್ಲಿ ಕೂರುತ್ತದೆ. ಅಷ್ಟು ದಿನ ಆ ಮಾಲು ಎರಡು ಕಡೆ ಇರುತ್ತದೆ, ಗುದಾಮಿನಲ್ಲಿ ಕಾಳಾಗಿ, ಪುಸ್ತಕದಲ್ಲಿ ಅಂಕಿಯಾಗಿ. ಇವೆರಡೂ ಒಂದನ್ನೊಂದು ಬಿಟ್ಟು ದೂರ ಸರಿಯದಂತೆ ನೋಡಿಕೊಳ್ಳುವ ಏರ್ಪಾಟಿಗೆ ಲೆಕ್ಕಪರಿಶೋಧಕರು ಆಂತರಿಕ ನಿಯಂತ್ರಣ ಎನ್ನುತ್ತಾರೆ.

ಈ ಏರ್ಪಾಟಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಚೌಕಟ್ಟು ಅಮೆರಿಕದ್ದು. ಅದಕ್ಕೆ ಐದು ಅಂಗಗಳು. ದೊಡ್ಡ ದೊಡ್ಡ ಕಂಪನಿಗಳ ಹಗರಣಗಳಿಂದ ಹುಟ್ಟಿದ ಆ ಚೌಕಟ್ಟು ಮಾಲಕ, ಅವನ ತಮ್ಮ, ಒಬ್ಬ ಗುಮಾಸ್ತ, ಒಬ್ಬ ಗುದಾಮಿನವ, ಒಬ್ಬ ಚಾಲಕ ಇಷ್ಟೇ ಮಂದಿ ಇರುವ ಪೇಟೆಯ ಕಂಪನಿಗೆ ಹೊಂದುತ್ತದೆಯೇ? ಹೊಂದುವುದಾದರೆ ಎಷ್ಟು? ಇದಕ್ಕೆ ಒಂದೇ ಉತ್ತರವಿಲ್ಲ, ಬೇರೆ ಬೇರೆ ಪಂಥಗಳಿವೆ. ಅವುಗಳನ್ನು ಒರೆಗೆ ಹಚ್ಚಲು ಅಣ್ಣಿಗೇರಿಯಲ್ಲಿ ಅಂಥದೊಂದು ಕಂಪನಿಯನ್ನು ಕಲ್ಪಿಸಿಕೊಂಡಿದ್ದೇನೆ. ಅಣ್ಣ ತಮ್ಮ ಇಬ್ಬರು ನಿರ್ದೇಶಕರಿರುವ ಖಾಸಗಿ ಕಂಪನಿ ಅದು. ಕಡಲೆ, ಹೆಸರು ಕೊಂಡು ಬೇಳೆ ಗಿರಣಿಗಳಿಗೆ ಉದ್ರಿ ಮೇಲೆ ಮಾರುತ್ತದೆ, ಮಾಲಿನ ಮೇಲೆ ಬ್ಯಾಂಕಿನಿಂದ ಸಾಲ ಪಡೆದಿದೆ. ಮುಂದೆ ಬರುವ ಅದರ ಅಂಕಿಗಳು ಲೆಕ್ಕ ತೋರಿಸಲೆಂದು ಇಟ್ಟುಕೊಂಡವು.

ಹಗರಣಗಳ ಬೆನ್ನ ಹಿಂದೆ ಬಂದ ಚರಿತ್ರೆ

ಆಂತರಿಕ ನಿಯಂತ್ರಣದ ಚರಿತ್ರೆ ಮೋಸಗಳ ಚರಿತ್ರೆಯೂ ಹೌದು. 1938ರಲ್ಲಿ ಅಮೆರಿಕದ ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧ ವ್ಯಾಪಾರದ ಕಂಪನಿಯ ಕಥೆ ಬಯಲಾಯಿತು. ಪುಸ್ತಕದಲ್ಲಿದ್ದ ಸುಮಾರು 8.7 ಕೋಟಿ ಡಾಲರಿನ ಆಸ್ತಿಯಲ್ಲಿ ಸುಮಾರು 1.9 ಕೋಟಿ ಡಾಲರ್ ಬರೀ ಕಾಗದದ್ದು. ಇಲ್ಲದ ಗುದಾಮಿನ ಇಲ್ಲದ ಮಾಲು, ಇಲ್ಲದ ಗಿರಾಕಿಗಳ ಬಾಕಿ. ಬೇರೆ ಹೆಸರಿಟ್ಟುಕೊಂಡು ಆ ಕಂಪನಿಯ ಅಧ್ಯಕ್ಷನಾಗಿ ಕುಳಿತಿದ್ದವನು ಫಿಲಿಪ್ ಮ್ಯೂಸಿಕಾ ಎಂಬ ಹಳೆಯ ಅಪರಾಧಿ. ಪರಿಶೋಧಕರು ಕಾಗದಗಳನ್ನು ತಾಳೆ ನೋಡಿದ್ದರೇ ಹೊರತು ಗುದಾಮಿಗೆ ಹೋಗಿ ಮಾಲು ನೋಡಿರಲಿಲ್ಲ. ಆಗಿನ ಪದ್ಧತಿ ಅದನ್ನು ಕಡ್ಡಾಯವೂ ಮಾಡಿರಲಿಲ್ಲ. ಮರುವರ್ಷವೇ ದಾಸ್ತಾನು ಎಣಿಕೆಯ ಹೊತ್ತಿಗೆ ಪರಿಶೋಧಕರು ಎದುರಿಗಿರಬೇಕು, ಬಾಕಿದಾರರನ್ನು ನೇರವಾಗಿ ಕೇಳಬೇಕು ಎಂಬ ನಿಯಮ ಬಂತು.

1949ರಲ್ಲಿ ಅಲ್ಲಿನ ಲೆಕ್ಕಪರಿಶೋಧಕರ ಸಂಸ್ಥೆ ಆಂತರಿಕ ನಿಯಂತ್ರಣಕ್ಕೆ ವಿಶಾಲವಾದ ವ್ಯಾಖ್ಯೆ ಕೊಟ್ಟಿತು. ಆಸ್ತಿಯ ಕಾವಲು, ಲೆಕ್ಕದ ನಿಖರತೆ ಮಾತ್ರವಲ್ಲ, ಕೆಲಸದ ದಕ್ಷತೆಯೂ ಅದರೊಳಗೆ ಬಂತು. ಇಷ್ಟು ಹೊರೆ ಪರಿಶೋಧಕರಿಗೇ ಭಾರವಾಗಿರಬೇಕು, 1958ರಲ್ಲಿ ಲೆಕ್ಕದ ನಿಯಂತ್ರಣ ಬೇರೆ, ಆಡಳಿತದ ನಿಯಂತ್ರಣ ಬೇರೆ ಎಂದು ಗೆರೆ ಎಳೆದರು. 1977ರಲ್ಲಿ ವಿದೇಶಿ ಲಂಚದ ಹಗರಣಗಳ ನಂತರ ಅಮೆರಿಕದಲ್ಲಿ ಷೇರುಪೇಟೆಯ ಕಂಪನಿಗಳಿಗೆ ಲೆಕ್ಕದ ನಿಯಂತ್ರಣ ಕಾನೂನೇ ಆಯಿತು. ಸುಳ್ಳು ಲೆಕ್ಕಪತ್ರಗಳ ಮೂಲ ಹುಡುಕಲು 1985ರಲ್ಲಿ ನೇಮಕವಾದ ಟ್ರೆಡ್‌ವೇ ಆಯೋಗದ ಬೆನ್ನಿಗಿದ್ದ ಐದು ವೃತ್ತಿಸಂಸ್ಥೆಗಳ ಕೂಟವೇ ಕೋಸೋ. ಅದು 1992ರಲ್ಲಿ ಐದು ಅಂಗಗಳ ಚೌಕಟ್ಟನ್ನು ಹೊರತಂದಿತು, 2013ರಲ್ಲಿ ಅದೇ ಐದರ ಕೆಳಗೆ 17 ತತ್ವಗಳನ್ನು ಜೋಡಿಸಿತು. ಎನ್ರಾನ್, ವರ್ಲ್ಡ್‌ಕಾಂ ಕುಸಿದ ಮೇಲೆ 2002ರಲ್ಲಿ ಬಂದ ಸಾರ್ಬೇನ್ಸ್–ಆಕ್ಸ್‌ಲೀ ಕಾನೂನು ಈ ಚೌಕಟ್ಟಿಗೆ ಬಲ ಕೊಟ್ಟಿತು. ಖರ್ಚು ತಾಳಲಾರೆವು ಎಂಬ ಸಣ್ಣ ಕಂಪನಿಗಳ ಕೂಗು ಎದ್ದದ್ದೂ ಆಗಲೇ. 2006ರಲ್ಲಿ ಕೋಸೋ ಸಣ್ಣ ಕಂಪನಿಗಳಿಗೆಂದೇ ಒಂದು ಕೈಪಿಡಿ ಬರೆಯಬೇಕಾಯಿತು.

ಕೆಲಸ ಒಡೆಯುವವರ ಪಂಥ

ಎಲ್ಲಕ್ಕೂ ಹಳೆಯ ಪಂಥದ ಮಾತು ಸರಳ. ಮಾಲು ಕೈಯಲ್ಲಿರುವವನು ಲೆಕ್ಕ ಬರೆಯಬಾರದು, ಲೆಕ್ಕ ಬರೆಯುವವನು ದುಡ್ಡು ಮುಟ್ಟಬಾರದು, ಇಬ್ಬರಿಗೂ ಒಪ್ಪಿಗೆ ಕೊಡುವವನು ಮೂರನೆಯವನಾಗಿರಬೇಕು. ಒಬ್ಬನ ಕೆಲಸವೇ ಇನ್ನೊಬ್ಬನ ಕೆಲಸಕ್ಕೆ ತಪಾಸಣೆ.

ಇದು ವಿವರಿಸುವ ಮೋಸಗಳಲ್ಲಿ ಉದ್ರಿ ವಸೂಲಿಯದು ಮುಖ್ಯ. ಗುಮಾಸ್ತನೇ ವಸೂಲಿಗೆ ಹೋಗಿ ಅವನೇ ಖಾತೆ ಬರೆಯುತ್ತಾನೆ ಎನ್ನಿ. ಮೊದಲ ಗಿರಣಿ ಕೊಟ್ಟ 80,000 ರೂಪಾಯಿ ಅವನ ಕಿಸೆ ಸೇರುತ್ತದೆ. ವಾರದ ಮೇಲೆ ಎರಡನೆಯ ಗಿರಣಿಯಿಂದ ಬಂದ ಹಣವನ್ನು ಮೊದಲನೆಯದರ ಖಾತೆಗೆ ಜಮಾ ಮಾಡುತ್ತಾನೆ, ಮೂರನೆಯದರ ಹಣವನ್ನು ಎರಡನೆಯದಕ್ಕೆ. ಯಾವ ಖಾತೆಯೂ ಬಹಳ ದಿನ ಬಾಕಿ ಉಳಿಯದ ಕಾರಣ ಮಾಲಕನಿಗೆ ಅನುಮಾನ ಬರುವುದಿಲ್ಲ. ಪಾವತಿ ಪುಸ್ತಕದ ತಾರೀಕಿಗೂ ಖಾತೆಯ ಜಮಾ ತಾರೀಕಿಗೂ ನಡುವೆ ಸದಾ ಎಂಟು ಹತ್ತು ದಿನದ ಅಂತರ ಕಾಣುವುದೇ ಇದರ ಸುಳಿವು. ಇಂಥವನು ರಜೆ ಹಾಕುವುದೇ ಇಲ್ಲ, ಏಕೆಂದರೆ ಹಾಕಿದ ದಿನ ಸರಪಳಿ ತುಂಡಾಗುತ್ತದೆ. ಹಣ ನೇರ ಕಂಪನಿಯ ಬ್ಯಾಂಕ್ ಖಾತೆಗೇ ಬರಲಿ ಎಂದು ಗಿರಣಿಗಳಿಗೆ ತಿಳಿಸಿದರೆ ಈ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ.

ಆದರೆ ಐದು ಮಂದಿಯಲ್ಲಿ ಕೆಲಸ ಎಷ್ಟೆಂದು ಒಡೆಯುವುದು? ಸುಗ್ಗಿಯ ಭರಾಟೆಯಲ್ಲಿ ಗುಮಾಸ್ತನೇ ತೂಕಕ್ಕೂ ನಿಲ್ಲುತ್ತಾನೆ, ಚಾಲಕನೇ ಚೀಲ ಎಣಿಸುತ್ತಾನೆ. ಇಬ್ಬರು ಕೈ ಜೋಡಿಸಿದರಂತೂ ಒಡೆದ ಕೆಲಸ ಒಂದೇ ಆಗಿಬಿಡುತ್ತದೆ. ಈ ಪಂಥ ಕೊಡುವ ಅಸ್ತ್ರ ಒಳ್ಳೆಯದೇ. ಆದರೆ ಅದನ್ನು ಎಲ್ಲಿ ಹೂಡಬೇಕೆಂದು ಅದು ಹೇಳುವುದಿಲ್ಲ.

ಐದು ಅಂಗಗಳ ಪಂಥ, ಒಂದು ಕಡಲೆಯ ಲಾಟಿನ ಮೇಲೆ

ಎಲ್ಲಿ ಹೂಡಬೇಕೆಂಬ ಪ್ರಶ್ನೆಯಿಂದಲೇ ಕೋಸೋ ಹೊರಡುತ್ತದೆ. ಅದರ ಐದು ಅಂಗಗಳು ನಿಯಂತ್ರಣದ ವಾತಾವರಣ, ಅಪಾಯದ ಅಂದಾಜು, ನಿಯಂತ್ರಣ ಕ್ರಮಗಳು, ಮಾಹಿತಿ ಮತ್ತು ಸಂವಹನ, ಮೇಲ್ವಿಚಾರಣೆ. ಐದೂ ಇರಬೇಕು, ಐದೂ ಕೂಡಿ ಕೆಲಸ ಮಾಡಬೇಕು ಎಂಬುದು ಅದರ ಹಟ. ಪಠ್ಯಪುಸ್ತಕಗಳಲ್ಲಿ ಇವಕ್ಕೆ ಐದು ಸಮಾನ ಕೋಣೆಗಳಿರುತ್ತವೆ. ಗುದಾಮಿನಲ್ಲಿ ಹಾಗಿರುವುದಿಲ್ಲ. ಅಪಾಯ ಯಾವುದೆಂದು ಸರಿಯಾಗಿ ಗುರುತಿಸಿದರೆ ಉಳಿದ ನಾಲ್ಕರ ಅರ್ಧ ಕೆಲಸ ಮುಗಿದಂತೆ.

ಮಾರ್ಚ್‌ನಲ್ಲಿ ನಮ್ಮ ಕಂಪನಿ ತಲಾ 50 ಕಿಲೋದ 1,000 ಚೀಲ ಕಡಲೆಯನ್ನು, ಅಂದರೆ 500 ಕ್ವಿಂಟಲ್ ಮಾಲನ್ನು, ಒಳಗಿಟ್ಟಿತು ಎನ್ನೋಣ. ಕಾಳಿನ ತೇವಾಂಶ ನೂರಕ್ಕೆ 10. ಹಾಗಾದರೆ ಅದರಲ್ಲಿ ನೀರು 50 ಕ್ವಿಂಟಲ್, ಒಣ ಕಾಳು 450 ಕ್ವಿಂಟಲ್. ಬಿಸಿಲಿಗೆ ನೀರು ಹಾರುತ್ತದೆ, ಮಳೆಗಾಲದ ಗಾಳಿಯಿಂದ ಕಾಳು ನೀರು ಹೀರುತ್ತದೆ. ಹುಳ ತಿನ್ನದ ಹೊರತು, ಕೈ ಆಡದ ಹೊರತು ಆ 450 ಬದಲಾಗುವುದಿಲ್ಲ. ಯಾವ ದಿನದ ತೂಕ ಎಷ್ಟಿರಬೇಕೆಂದು ತಿಳಿಯಲು ಒಣ ಕಾಳಿನ ತೂಕವನ್ನು, ಆ ದಿನದ ತೇವಾಂಶ ಕಳೆದು ಉಳಿದ ಶೇಕಡಾ ಪಾಲಿನಿಂದ ಭಾಗಿಸಿದರೆ ಸಾಕು.

ಮೇ ಕೊನೆಗೆ ತೇವಾಂಶ 8.5ಕ್ಕೆ ಇಳಿದರೆ 450ನ್ನು 0.915ರಿಂದ ಭಾಗಿಸಬೇಕು, ತೂಕ 491.8 ಕ್ವಿಂಟಲ್ ಇರಬೇಕು. ಅಂದರೆ 8.2 ಕ್ವಿಂಟಲ್ ಕಡಿಮೆಯಾದರೂ ಯಾರೂ ಕದ್ದಿಲ್ಲ. ಗುದಾಮಿನವನು "ಒಣಗೇತ್ರಿ, ನೂರಕ್ಕ ಮೂರು ಹೋಗೇದ" ಎಂದು 15 ಕ್ವಿಂಟಲ್ ಕಳೆದು ಬರೆದರೆ ಮಾತ್ರ ಉಳಿದ 6.8 ಕ್ವಿಂಟಲ್‌ಗೆ ಉತ್ತರ ಕೇಳಬೇಕು. ಇಷ್ಟು ಅನೇಕ ವ್ಯಾಪಾರಿಗಳಿಗೆ ಅಂದಾಜಿನಲ್ಲಿ ಗೊತ್ತು.

ಮಳೆಗಾಲದ ಲೆಕ್ಕ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಆಗಸ್ಟ್‌ನಲ್ಲಿ ತೇವಾಂಶ 11.5ಕ್ಕೆ ಏರಿದೆ ಎನ್ನಿ. 450ನ್ನು 0.885ರಿಂದ ಭಾಗಿಸಿದರೆ ತೂಕ 508.5 ಕ್ವಿಂಟಲ್ ಇರಬೇಕು. ಆ ದಿನ ಮಾಲು ತೂಗಿಸಿದಾಗ ಸರಿಯಾಗಿ 500 ಬಂತು. ಪುಸ್ತಕದಲ್ಲಿಯೂ 500. ಚೀಲ ಎಣಿಸಿದರೆ ಸಾವಿರಕ್ಕೆ ಸಾವಿರ. ಮಾಲಕ ಸಂತೋಷದಿಂದ ಸಹಿ ಹಾಕುತ್ತಾನೆ. ಆದರೆ ಎಂಟೂವರೆ ಕ್ವಿಂಟಲ್ ಕಡಲೆ ಗುದಾಮಿನಲ್ಲಿಲ್ಲ! ಕ್ವಿಂಟಲ್‌ಗೆ 5,500 ರೂಪಾಯಿ ಹಿಡಿದರೂ ಸುಮಾರು 46,600 ರೂಪಾಯಿ. ಒಂದೊಂದು ಚೀಲದಿಂದ ಹೋದದ್ದು 850 ಗ್ರಾಂ ಅಷ್ಟೇ. ಮಾದರಿ ತೆಗೆಯಲು ಚೀಲಕ್ಕೆ ಚುಚ್ಚುವ ಕೊಳವೆಯಿಂದ ಕೆಲವೇ ಸಲ ಎಳೆದರೆ ಇಷ್ಟು ಬರುತ್ತದೆ, ಹೊಲಿಗೆ ಬಿಚ್ಚುವುದೂ ಬೇಡ. ಲೆಕ್ಕ ತಾಳೆಯಾಗಿದ್ದೇ ಇಲ್ಲಿ ಕಳವಿನ ಗುರುತು.

ಅಪಾಯ ಇದು ಎಂದು ತಿಳಿದರೆ ಕ್ರಮಗಳು ತಾವಾಗಿಯೇ ಹೊಳೆಯುತ್ತವೆ. ಮಾಲು ಒಳಬರುವಾಗ ತೂಕದ ಜೊತೆ ತೇವಾಂಶವನ್ನೂ ಮೀಟರಿನಿಂದ ಅಳೆದು ಅದೇ ಚೀಟಿಯಲ್ಲಿ ಬರೆಯಬೇಕು, ಹೊರಹೋಗುವಾಗಲೂ ಹಾಗೆಯೇ. ತಿಂಗಳಿಗೊಮ್ಮೆ ಹತ್ತಿಪ್ಪತ್ತು ಚೀಲ ತೂಗಬೇಕು, ಯಾವ ಚೀಲ ಎಂಬುದನ್ನು ಗುದಾಮಿನವನು ಆರಿಸಬಾರದು. ನೂರು ಕಾಳು ಎಣಿಸಿ ತೂತು ಬಿದ್ದವೆಷ್ಟು ಎಂದು ನೋಡಿದರೆ ಹುಳದ ಪಾಲು ತಿಳಿಯುತ್ತದೆ. ಮಾಲು ಬರುವ ಬಾಗಿಲಲ್ಲಿ ಇನ್ನೊಂದು ಅಪಾಯವಿದೆ. ತುಂಬಿದ ಲಾರಿಯನ್ನು ಕಾಂಟಾದ ಮೇಲೆ ತೂಗುವಾಗ ಮೂವರು ಹಮಾಲರು ಮೇಲೇ ಕುಳಿತಿದ್ದು, ಖಾಲಿ ಲಾರಿ ತೂಗುವಾಗ ಇಳಿದಿದ್ದರೆ ಒಂದೂಮುಕ್ಕಾಲು ಕ್ವಿಂಟಲ್ ಮನುಷ್ಯರನ್ನು ಕಡಲೆಯ ದರದಲ್ಲಿ ಕೊಂಡಂತಾಗುತ್ತದೆ. ಎರಡೂ ತೂಕಕ್ಕೆ ವೇಳೆ ನಮೂದಾದ ಚೀಟಿ ಇರಬೇಕು, ಎರಡೂ ಸಲ ಲಾರಿಯ ಮೇಲೆ ಯಾರೂ ಇಲ್ಲವೆಂದು ಕಂಪನಿಯ ಒಬ್ಬ ನೋಡಿರಬೇಕು.

ಮಾಹಿತಿ ಮತ್ತು ಸಂವಹನ ಎಂಬ ದೊಡ್ಡ ಹೆಸರಿನ ಅಂಗಕ್ಕೆ ಇಲ್ಲಿ ಬೇಕಾದದ್ದು ಕ್ರಮಸಂಖ್ಯೆ ಮುದ್ರಿಸಿದ ಮೂರು ಪ್ರತಿಯ ಚೀಟಿ ಪುಸ್ತಕ. ಒಂದು ಪ್ರತಿ ರೈತನಿಗೆ, ಒಂದು ಗುಮಾಸ್ತನಿಗೆ, ಒಂದು ಗುದಾಮಿನಲ್ಲೇ. ಸಂಖ್ಯೆ ತಪ್ಪಿದ್ದರೆ ಆ ಚೀಟಿ ಎಲ್ಲಿ ಎಂದು ಕೇಳಬಹುದು. ತೂಕದ ಚೀಟಿ ಇಲ್ಲದ ಖರೀದಿ ಪಟ್ಟಿಗೆ ದುಡ್ಡಿಲ್ಲ ಎಂಬ ಒಂದೇ ನಿಯಮದಿಂದ ಇಲ್ಲದ ರೈತನ ಹೆಸರಿನ ಪಟ್ಟಿಗಳು ಬಹುಪಾಲು ನಿಲ್ಲುತ್ತವೆ.

ಮೇಲ್ವಿಚಾರಣೆ ಎಂದರೆ ಈ ಕ್ರಮಗಳು ಇನ್ನೂ ನಡೆಯುತ್ತಿವೆಯೇ ಎಂದು ನೋಡುವುದು. ಮೀಟರು ಕೆಟ್ಟು ಮೂರು ತಿಂಗಳಾಗಿ, ಗುದಾಮಿನವನು ಪ್ರತಿ ಚೀಟಿಗೂ "10" ಎಂದೇ ಬರೆಯುತ್ತಿದ್ದರೆ ನಿಯಂತ್ರಣ ಕಾಗದದಲ್ಲಿದೆ, ಗುದಾಮಿನಲ್ಲಿಲ್ಲ. ಸತತವಾಗಿ ಒಂದೇ ಅಂಕಿ ಬರುವುದೇ ಅದರ ಗುರುತು, ನಿಜವಾದ ಅಳತೆ ಹಾಗೆ ಬರುವುದಿಲ್ಲ. ವಾತಾವರಣ ಎಂಬ ಮೊದಲ ಅಂಗವನ್ನು ಕೊನೆಗಿಟ್ಟಿದ್ದೇನೆ, ಅದು ಮಾಲಕನ ವಿಷಯ.

ಮಾಲಕನ ಕಣ್ಣಿನ ಪಂಥ

ಪೇಟೆಯಲ್ಲಿ ಕೇಳಿದರೆ ಸಿಗುವ ಉತ್ತರ ಇದು: ನಾನೇ ಗದ್ದಿಗೆ ಮೇಲೆ ಕುಂತಿರ್ತೀನಿ, ನನಗೆ ಯಾಕೆ ಚೌಕಟ್ಟು? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಣ್ಣ ಕಂಪನಿಯಲ್ಲಿ ಮಾಲಕನ ನೇರ ನೋಟ ಕೆಲಸ ಒಡೆಯುವಿಕೆಯ ಕೊರತೆಯನ್ನು ತುಂಬಬಲ್ಲದು ಎಂದು ಕೋಸೋ ಕೈಪಿಡಿಯೇ ಒಪ್ಪುತ್ತದೆ. ಕಾಳು ಕೈಗೆ ಹಾಕಿ ಹಲ್ಲಿಗೆ ಕಚ್ಚಿ ತೇವ ಹೇಳುವವನಿಗೆ ಗುಮಾಸ್ತನ ಸುಳ್ಳು ಬೇಗ ಗೊತ್ತಾಗುತ್ತದೆ.

ಈ ಪಂಥದ ಬೆನ್ನೆಲುಬು ನಂಬಿಕೆ. ಗುಮಾಸ್ತ ಇಪ್ಪತ್ತು ವರ್ಷದವ, ಗುದಾಮಿನವ ಬೀಗರ ಪೈಕಿ. ಆದರೆ ನಂಬಿಗಸ್ತರೇ ಏಕೆ ಕದಿಯುತ್ತಾರೆ ಎಂದು ಜೈಲುಗಳಲ್ಲಿದ್ದವರನ್ನು ಮಾತಾಡಿಸಿ ಡೊನಾಲ್ಡ್ ಕ್ರೆಸ್ಸಿ ಎಂಬ ಅಪರಾಧಶಾಸ್ತ್ರಜ್ಞ 1953ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಯಾರಿಗೂ ಹೇಳಿಕೊಳ್ಳಲಾಗದ ಹಣದ ತೊಂದರೆ, ಸಿಕ್ಕಿದ ಸಂದು, "ಸಾಲ ತಗೊಂಡೀನಿ, ತಿರುಗಿ ಇಡ್ತೀನಿ" ಎಂಬ ಸಮಾಧಾನ ಮೂರೂ ಕೂಡಿದಾಗ ನಂಬಿಕೆ ಮುರಿಯುತ್ತದೆ ಎಂದು ಅವನು ಕಂಡುಕೊಂಡ. ಮೊದಲನೆಯದೂ ಮೂರನೆಯದೂ ಮಾಲಕನ ಕಣ್ಣಿಗೆ ಬೀಳುವುದಿಲ್ಲ. ನಡುವಿನ ಸಂದನ್ನಷ್ಟೇ ಅವನು ಮುಚ್ಚಬಲ್ಲ. ಹೀಗಾಗಿ ಚೀಟಿ ಕೇಳುವುದು ನೌಕರನನ್ನು ಅನುಮಾನಿಸಿದಂತೆ ಎಂಬ ಮಾತು ನನಗೆ ಒಪ್ಪಿಗೆಯಾಗಿಲ್ಲ. ಚೀಟಿ ಇಲ್ಲದಿದ್ದಾಗ ಕೊರತೆ ಬಂದರೆ ಪ್ರಾಮಾಣಿಕ ಗುದಾಮಿನವನಿಗೂ ತನ್ನನ್ನು ಸಮರ್ಥಿಸಿಕೊಳ್ಳಲು ಏನೂ ಇರುವುದಿಲ್ಲ.

ಈ ಪಂಥ ಉತ್ತರಿಸಲಾರದ ಪ್ರಶ್ನೆ ಬೇರೆ ಇದೆ. ಮಾಲಕನ ಮೇಲೆ ಯಾರ ಕಣ್ಣು? ಮಾಲಿನ ಮೇಲೆ ಸಾಲ ಪಡೆದ ಕಂಪನಿ ತಿಂಗಳು ತಿಂಗಳು ಬ್ಯಾಂಕಿಗೆ ದಾಸ್ತಾನಿನ ವಿವರ ಕೊಡುತ್ತದೆ. 500 ಕ್ವಿಂಟಲ್‌ಗೆ 27.5 ಲಕ್ಷ ಬೆಲೆ, ಬ್ಯಾಂಕು ನೂರಕ್ಕೆ 25 ಬಿಟ್ಟುಕೊಂಡರೆ ಸುಮಾರು 20.6 ಲಕ್ಷದವರೆಗೆ ಹಣ ತೆಗೆಯಬಹುದು. 300 ಕ್ವಿಂಟಲ್ ಮಾರಿ ಆ ಹಣ ಬೇರೆಡೆ ಹಾಕಿಯೂ ವಿವರದಲ್ಲಿ 500 ಎಂದೇ ಬರೆಯುವ ಆಸೆ ಗುಮಾಸ್ತನಿಗೆ ಬರುವುದಿಲ್ಲ, ಮಾಲಕನಿಗೆ ಬರುತ್ತದೆ. 1963ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಟಿನೋ ಡಿ ಆಂಜೆಲಿಸ್ ಎಂಬ ಎಣ್ಣೆ ವ್ಯಾಪಾರಿ ಮಾಡಿದ್ದು ಇದನ್ನೇ. ಟ್ಯಾಂಕುಗಳಲ್ಲಿ ನೀರು ತುಂಬಿ ಮೇಲೆ ಎಣ್ಣೆ ಬಿಟ್ಟು, ಆ ಮಾಲಿನ ರಸೀದಿಗಳ ಮೇಲೆ ಸಾಲ ಎತ್ತಿದ. ಪೇಟೆಯ ಗುದಾಮಿನಲ್ಲಿ ಇದರ ತಮ್ಮ ಎಂದರೆ ಥಪ್ಪಿಯ ಹೊರಸಾಲಿನಲ್ಲಿ ಕಡಲೆ, ಒಳಸಾಲಿನಲ್ಲಿ ಹೊಟ್ಟು. ಬಾಗಿಲಲ್ಲಿ ನಿಂತು ಸಾಲು ಎಣಿಸಿ ಗುಣಿಸುವ ತಪಾಸಣೆಗೆ ಇದು ಸಿಗುವುದಿಲ್ಲ.

ಹಲವು ಕಣ್ಣುಗಳ ಪಂಥ

ಮಾಲಕನೇ ಒಬ್ಬನಲ್ಲದಿದ್ದರೆ? ಈ ನೆಲದಲ್ಲಿ ಇದಕ್ಕೂ ಚರಿತ್ರೆಯಿದೆ. 1904ರ ಸಹಕಾರ ಸಂಘಗಳ ಕಾಯ್ದೆಯ ಬೆನ್ನಿಗೇ, 1905ರಲ್ಲಿ, ಆಗ ಧಾರವಾಡ ಜಿಲ್ಲೆಯೊಳಗಿದ್ದ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘ ಹುಟ್ಟಿತು. ಊರಿನವರೇ ಸದಸ್ಯರು, ಅವರಿಗೆ ಸಾಲ ಪಡೆದವನ ಹೊಲ, ಬೆಳೆ, ನಡತೆ ಎಲ್ಲ ಗೊತ್ತು, ಆ ಅರಿವೇ ಕಾವಲು ಎಂಬುದು ಸಹಕಾರದ ಮೂಲ ಎಣಿಕೆ. ಇಂದಿನ ರೈತ ಉತ್ಪಾದಕ ಕಂಪನಿಗಳು ಅದರ ಕಂಪನಿ ರೂಪ. ಎಲ್ಲರ ಕಣ್ಣು ಇದೆ ಎಂದುಕೊಂಡಾಗ ಯಾರೂ ನೋಡದಿರುವುದೂ ಉಂಟು, ಆ ಪಂಥದ ದೌರ್ಬಲ್ಯ ಅದೇ.

ಕಾನೂನು ಎಲ್ಲಿ ನಿಂತಿದೆ

2009ರ ಸತ್ಯಂ ಹಗರಣದ ನೆರಳಿನಲ್ಲಿ ರೂಪುಗೊಂಡ 2013ರ ಕಂಪನಿ ಕಾಯ್ದೆ, ಹಣಕಾಸು ವರದಿಯ ಆಂತರಿಕ ನಿಯಂತ್ರಣ ಸಾಕಷ್ಟಿದೆಯೇ, ನಡೆಯುತ್ತಿದೆಯೇ ಎಂದು ಪರಿಶೋಧಕರು ಹೇಳಬೇಕೆಂದು 143(3)(i) ಕಲಮಿನಲ್ಲಿ ವಿಧಿಸಿತು. 2017ರ ಜೂನ್ 13ರ ಅಧಿಸೂಚನೆ ಸಣ್ಣವರನ್ನು ಇದರಿಂದ ಬಿಟ್ಟಿತು. ಏಕವ್ಯಕ್ತಿ ಕಂಪನಿ, ಸಣ್ಣ ಕಂಪನಿ, ಹಾಗೂ 50 ಕೋಟಿಗಿಂತ ಕಡಿಮೆ ವಹಿವಾಟು ಮತ್ತು 25 ಕೋಟಿಗಿಂತ ಕಡಿಮೆ ಸಾಲವಿರುವ ಖಾಸಗಿ ಕಂಪನಿಗಳಿಗೆ, ವಾರ್ಷಿಕ ಕಾಗದಪತ್ರ ಸಲ್ಲಿಸಿರಬೇಕೆಂಬ ಷರತ್ತಿನೊಡನೆ, ವಿನಾಯಿತಿ ಸಿಕ್ಕಿತು. ನಮ್ಮ ಅಣ್ಣಿಗೇರಿಯ ಕಂಪನಿ ಅದರೊಳಗೆ ಬರುತ್ತದೆ. ಆಂತರಿಕ ಪರಿಶೋಧನೆಯೂ ಖಾಸಗಿ ಕಂಪನಿಗೆ ಕಡ್ಡಾಯವಾಗುವುದು ವಹಿವಾಟು 200 ಕೋಟಿ ಅಥವಾ ಸಾಲ 100 ಕೋಟಿ ಮುಟ್ಟಿದಾಗ. ವಿಚಿತ್ರವೆಂದರೆ, ಅದೇ ಪೇಟೆಯಲ್ಲಿ ಅದೇ ಕಡಲೆ ಕೊಳ್ಳುವ ರೈತ ಉತ್ಪಾದಕ ಕಂಪನಿ ಎಷ್ಟೇ ಚಿಕ್ಕದಿದ್ದರೂ ಚಾರ್ಟರ್ಡ್ ಅಕೌಂಟೆಂಟ್‌ರಿಂದ ಆಂತರಿಕ ಪರಿಶೋಧನೆ ಮಾಡಿಸಲೇಬೇಕು.

ಸಣ್ಣ ಕಂಪನಿಗೂ ತಪ್ಪದ ಒಂದು ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಂಪನಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದಾದರೆ ಪ್ರತಿ ತಿದ್ದುಪಡಿಯ ಜಾಡು ತಾರೀಕು ಸಹಿತ ಉಳಿಯುವ, ಆ ಸೌಲಭ್ಯವನ್ನು ಆರಿಸಲು ಬಾರದ ತಂತ್ರಾಂಶವನ್ನೇ ಬಳಸಬೇಕು. ಟ್ಯಾಲಿಯಲ್ಲಿ ಕಳೆದ ತಿಂಗಳ ವೋಚರನ್ನು ಸದ್ದಿಲ್ಲದೆ ತಿದ್ದುವ ಹಳೆಯ ಚಾಳಿಗೆ ಇದು ಕಡಿವಾಣ. ವಸೂಲಿ ಸರಪಳಿಯಂಥ ಮೋಸದ ಹೆಜ್ಜೆಗುರುತು ಇದರಲ್ಲಿ ಸಿಗಬಹುದು. ಆದರೆ ಮೊದಲ ಸಲವೇ ತಪ್ಪು ತೂಕ ಬರೆದರೆ ಜಾಡಿನಲ್ಲಿ ಏನೂ ಕಾಣುವುದಿಲ್ಲ. ಕಾಳು ಅಂಕಿಯಾಗುವ ಕ್ಷಣವನ್ನು ಯಾವ ತಂತ್ರಾಂಶವೂ ಕಾಯಲಾರದು.

ಇನ್ನೂ ಬಗೆಹರಿಯದ್ದು

ಮೊದಲನೆಯದು ಅಳತೆಯ ಪ್ರಶ್ನೆ. ತೇವಾಂಶದ ಮೀಟರು ಅರ್ಧ ಶೇಕಡಾ ಆಚೀಚೆ ತೋರಿಸಿದರೂ ನಮ್ಮ ಲಾಟಿನಲ್ಲಿ ಸುಮಾರು 2.9 ಕ್ವಿಂಟಲ್ ಏರುಪೇರಾಗುತ್ತದೆ. ಹಾಗಾದರೆ ಎಂಟೂವರೆ ಕ್ವಿಂಟಲ್ ಕೊರತೆ ಕಂಡಾಗ ವಿಚಾರಿಸಬಹುದು, ಎರಡು ಕ್ವಿಂಟಲ್‌ಗೆ ಯಾರ ಕಡೆಗೂ ಬೆರಳು ತೋರಿಸುವಂತಿಲ್ಲ. ನಡುವಿನ ಗೆರೆ ಎಲ್ಲಿ? ಕೋಸೋ ಭರವಸೆ ಕೊಡುವುದು ಸಮಂಜಸವಾದ ಖಾತ್ರಿಯನ್ನಷ್ಟೇ. ಸಮಂಜಸ ಎಂದರೆ ಎಷ್ಟೆಂಬುದನ್ನು ಅದು ಕಂಪನಿಗೇ ಬಿಟ್ಟಿದೆ.

ಎರಡನೆಯದು ಖರ್ಚಿನದು. ಇನ್ನೊಬ್ಬ ನೌಕರನನ್ನು ಇಟ್ಟು ಕೆಲಸ ಒಡೆದರೆ ಅವನ ವರ್ಷದ ಸಂಬಳ, ತಪ್ಪಿಸಬಹುದಾದ ಕಳವಿಗಿಂತ ಹೆಚ್ಚಾಗಬಹುದು. ಸಣ್ಣ ಕಂಪನಿಗೆ ಎಷ್ಟು ನಿಯಂತ್ರಣ ಲಾಭಕರ ಎಂಬುದಕ್ಕೆ ಎಲ್ಲರೂ ಒಪ್ಪಿದ ಸೂತ್ರವಿಲ್ಲ. ಅಮೆರಿಕ ಕೂಡ 2010ರಲ್ಲಿ ಚಿಕ್ಕ ಕಂಪನಿಗಳನ್ನು ಪರಿಶೋಧಕರ ದೃಢೀಕರಣದಿಂದ ಶಾಶ್ವತವಾಗಿ ಬಿಟ್ಟಾಗ ಈ ವಾದ ಇತ್ಯರ್ಥವಾಗಲಿಲ್ಲ, ಬದಿಗೆ ಸರಿಯಿತು.

ಮೂರನೆಯದು, ಮಾಲಕ ತಾನೇ ನಿಯಮ ಮುರಿದಾಗ ಏನು ಎಂಬುದು. ಮೇಲಿನವರು ನಿಯಂತ್ರಣವನ್ನು ದಾಟಿ ಹೋಗಬಲ್ಲರು ಎಂದು ಕೋಸೋ ತನ್ನ ಮಿತಿಗಳಲ್ಲೇ ಬರೆದುಕೊಂಡಿದೆ. ಬ್ಯಾಂಕಿನ ತಪಾಸಣೆಯನ್ನು ಕಂಪನಿಯ ಮೇಲ್ವಿಚಾರಣೆಯ ಭಾಗವೆಂದು ಎಣಿಸಬೇಕೆ, ಅದು ಹೊರಗಿನದೇ ಎಂದು ಬಿಡಬೇಕೆ? ಎಣಿಸಿದರೆ ಬ್ಯಾಂಕಿನವರು ಥಪ್ಪಿಯ ಒಳಸಾಲಿನ ಚೀಲ ಎಳೆಸಿ ತೂಗುವ ಮಟ್ಟಕ್ಕೆ ಇಳಿಯಬೇಕು. ಬಿಟ್ಟರೆ ಇಬ್ಬರು ನಿರ್ದೇಶಕರ ಕಂಪನಿಯಲ್ಲಿ ಅಣ್ಣನ ದಾಸ್ತಾನು ವಿವರವನ್ನು ಪ್ರಶ್ನಿಸಬಲ್ಲವನು ತಮ್ಮನೊಬ್ಬನೇ ಉಳಿಯುತ್ತಾನೆ.